ಬಯೋ ಕೊಂಡಿಯಿಂದ ಸರಿಯಾದ ಕೋರ್ಸಿಗೆ

ಇನ್‌ಸ್ಟಾಗ್ರಾಮ್ ಬಯೋದ ಕೊಂಡಿ ಒತ್ತಿ ಬರುವವರೆಲ್ಲರ ಅಗತ್ಯ ಒಂದೇ ಆಗಿರುವುದಿಲ್ಲ. ಧಾರವಾಡದ ಕೆಎಎಸ್ ತರಬೇತಿ ಕೇಂದ್ರವೊಂದಕ್ಕೆ ಈಗಷ್ಟೇ ಓದು ಶುರುಮಾಡಿದವರೂ ಬರುತ್ತಾರೆ, ಪ್ರಿಲಿಮ್ಸ್ ಪಾಸಾದವರೂ ಬರುತ್ತಾರೆ. ಹಾಗಾಗಿ ಪುಟದ ಬಟನ್‌ಗಳ ಮೇಲೆ ಕೋರ್ಸಿನ ಹೆಸರಿಗಿಂತ ಅಭ್ಯರ್ಥಿಯ ಸ್ಥಿತಿಯನ್ನೇ ಬರೆಯುವುದು ಒಳ್ಳೆಯದು. ‘ಈಗ ತಯಾರಿ ಶುರು’ ಎಂಬುದು ಉಚಿತ ಡೆಮೊ ತರಗತಿಗೆ, ‘ಪ್ರಿಲಿಮ್ಸ್ ಪಾಸಾಗಿದೆ’ ಎಂಬುದು ಉತ್ತರ ಬರವಣಿಗೆಯ ಬ್ಯಾಚಿಗೆ ಒಯ್ಯಬೇಕು. ಯಾವುದು ಬೇಕೆಂದು ತಿಳಿಯದವರಿಗೆ ಮೂರನೆಯ ಬಟನ್, ವಾಟ್ಸ್ಆ್ಯಪ್. ಕೇಂದ್ರದ ಫೋನ್ ಸಂಖ್ಯೆಯಿರುವ wa.me ಕೊಂಡಿಯ ಕೊನೆಗೆ `?text=Guidance` ಸೇರಿಸಿದರೆ ಸಂದೇಶ ಮೊದಲೇ ತುಂಬಿರುತ್ತದೆ, ಕಳುಹಿಸಿದರಾಯಿತು. ಇಷ್ಟು ಸಾಕು, ನಾಲ್ಕನೆಯದು ಗೊಂದಲವಷ್ಟೇ.

ಪ್ರತಿ ಬಟನ್‌ನ ಕ್ಲಿಕ್‌ಗಳನ್ನೂ ಅಲ್ಲಿಂದಾದ ದಾಖಲಾತಿಗಳನ್ನೂ ಬೇರೆಬೇರೆ ಎಣಿಸಬೇಕು. ಕ್ಲಿಕ್ ಬಹಳವಿದ್ದು ದಾಖಲಾತಿ ಕಡಿಮೆಯಾದರೆ, ಬಟನ್ ಕೊಟ್ಟ ಮಾತು ಮುಂದಿನ ಪುಟದಲ್ಲಿ ಇದೆಯೇ ಎಂದು ಮೊದಲು ನೋಡಿ.