ಕೆಮ್ಮಿನ ಸಿರಪ್ ಕುಡಿದ್ರೆ ಡೋಪಿಂಗ್ ಆಗುತ್ತಾ?

ನಮ್ಮ ತಾಲ್ಲೂಕು ಕ್ರೀಡಾಂಗಣಕ್ಕೆ ಸಂಜೆ ಓಡಲು ಬರುವ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು: "ಅಣ್ಣಾ, ಕೆಮ್ಮಿಗೆ ಅಂತ ಸಿರಪ್ ಕುಡಿದಿದ್ದೀನಿ. ಸಿಕ್ಕಿಹಾಕ್ಕೋತೀನಾ?" ಗಾಬರಿ ಬೇಡ, ಮೊದಲು ಬಾಟಲಿ ತೋರಿಸು ಅಂದೆ.

ಅವಳ ಅನುಮಾನ ಸುಳ್ಳಲ್ಲ. 2019ರಲ್ಲಿ ಕ್ರಿಕೆಟಿಗ ಪೃಥ್ವಿ ಶಾ ಅವರ ಮೂತ್ರದ ಮಾದರಿಯಲ್ಲಿ ಟರ್ಬ್ಯುಟಲಿನ್ ಪತ್ತೆಯಾಯಿತು. ಆಗ ಅವರಿಗೆ 19 ವರ್ಷ. ಕೆಮ್ಮಿಗೆ ಸಿರಪ್ ಕುಡಿದಿದ್ದೆ ಅಂದರು. ಆಟದಲ್ಲಿ ಲಾಭ ಪಡೆಯುವ ಉದ್ದೇಶ ಇರಲಿಲ್ಲ ಎಂಬುದನ್ನು ಬಿಸಿಸಿಐ ಕೂಡ ಒಪ್ಪಿತು. ಆದರೂ 8 ತಿಂಗಳ ನಿಷೇಧ ತಪ್ಪಲಿಲ್ಲ.

ಯಾಕೆ? ಡೋಪಿಂಗ್ ನಿಯಮದ ತಳಪಾಯ ಇದು: ನಿಮ್ಮ ದೇಹದಲ್ಲಿ ಸಿಕ್ಕಿದ್ದಕ್ಕೆ ನೀವೇ ಹೊಣೆ. ಕೋಚ್ ಕೊಟ್ಟರು, ಮೆಡಿಕಲ್ ಶಾಪಿನವರು ಕೊಟ್ಟರು ಅನ್ನೋದು ಶಿಕ್ಷೆ ತಗ್ಗಿಸಬಹುದು, ಆದರೆ ಹೊಣೆ ತಪ್ಪಿಸಲ್ಲ. ಟರ್ಬ್ಯುಟಲಿನ್ ಶ್ವಾಸನಾಳವನ್ನು ಸಡಿಲಗೊಳಿಸುವ ಔಷಧಿ. ಸ್ಪರ್ಧೆಯ ದಿನ ಮಾತ್ರವಲ್ಲ, ವರ್ಷವಿಡೀ ನಿಷಿದ್ಧ.

ಹಾಗಂತ ಎಲ್ಲ ಸಿರಪ್ಪೂ ಅಪಾಯ ಅಲ್ಲ. ಅವಳ ಬಾಟಲಿಯ ಮೇಲೆ ಮೂರು ಹೆಸರಿದ್ದವು: ಬ್ರೋಮ್‌ಹೆಕ್ಸಿನ್, ಗ್ವೈಫೆನೆಸಿನ್, ಟರ್ಬ್ಯುಟಲಿನ್. ಮೊದಲೆರಡು ನಿಷೇಧಿತ ಪಟ್ಟಿಯಲ್ಲಿಲ್ಲ, ಮೂರನೆಯದು ಇದೆ. ಅದಕ್ಕೇ ದೊಡ್ಡಕ್ಷರದ ಬ್ರ್ಯಾಂಡ್ ಹೆಸರು ನಂಬಬೇಡಿ. ಹೆಚ್ಚುಕಡಿಮೆ ಅದೇ ಹೆಸರಿನ ಇನ್ನೊಂದು ಸಿರಪ್ಪಿನಲ್ಲಿ ಬೇರೆ ಔಷಧಿ ಇರಬಹುದು. ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಗಳ ಹೆಸರು ಓದಿ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ 'ನಾಡಾ'ದ Know Your Medicine ಆ್ಯಪ್‌ನಲ್ಲಿ ಆ ಹೆಸರು ಟೈಪ್ ಮಾಡಿದರೆ ನಿಷೇಧ ಇದೆಯೋ ಇಲ್ಲವೋ ಗೊತ್ತಾಗುತ್ತೆ.

ಅವಳಿಗೆ ನಾನು ಹೇಳಿದ್ದು ಇಷ್ಟೇ. ಈ ಸಿರಪ್ ಸಾಕು ಮಾಡು. ವೈದ್ಯರಿಗೆ "ನಾನು ಕ್ರೀಡಾಪಟು, ಪಟ್ಟಿಯಲ್ಲಿಲ್ಲದ ಔಷಧಿ ಕೊಡಿ" ಅನ್ನು. ಬಾಟಲಿ, ಚೀಟಿ ಎಸೀಬೇಡ. ಪರೀಕ್ಷೆಗೆ ಕರೆದರೆ ತಪ್ಪಿಸಿಕೊಳ್ಳಬೇಡ, ಅದೇ ಬೇರೆ ಅಪರಾಧ ಆಗುತ್ತೆ. ಇತ್ತೀಚೆಗೆ ತಗೊಂಡ ಔಷಧಿಗಳನ್ನು ಫಾರ್ಮ್‌ನಲ್ಲಿ ಬರೆಸು.

ಅಸ್ತಮಾ ಇರೋರು ಮಾತ್ರ ಹೆದರಿ ಔಷಧಿ ಬಿಡಬೇಡಿ. ಸಾಲ್ಬ್ಯುಟಮಾಲ್ ಇನ್ಹೇಲರ್‌ಗೆ ನಿಗದಿತ ಮಿತಿಯೊಳಗೆ ಅನುಮತಿಯಿದೆ. ನಿಷಿದ್ಧ ಔಷಧಿಯೇ ಬೇಕಾದರೆ, ವೈದ್ಯರ ದಾಖಲೆ ಸಮೇತ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಬಹುದು. ಇಂಗ್ಲಿಷಿನಲ್ಲಿ ಇದನ್ನು ಟಿಯುಇ ಅಂತಾರೆ. ಸ್ಪರ್ಧೆಗೆ ಕನಿಷ್ಠ 30 ದಿನ ಮೊದಲೇ ಹಾಕಿ.

ಒಂದು ಮಾತು ನನ್ನನ್ನು ಕಾಡುತ್ತೆ. ಹೊಣೆಯೆಲ್ಲ ಆ ಹುಡುಗಿಯ ಮೇಲೆ, ಆದರೆ ಅವಳು ಓದಬೇಕಾದ ಲೇಬಲ್ ಇರೋದು ಇಂಗ್ಲಿಷಿನ ಸಣ್ಣಕ್ಷರದಲ್ಲಿ. ಪದಕ ಬಂದಾಗ ಹಾರ ಹಾಕಲು ಬರೋರು, ತಾಲ್ಲೂಕು ಕ್ರೀಡಾಂಗಣದ ಗೋಡೆ ಮೇಲೆ ಇಷ್ಟನ್ನು ಕನ್ನಡದಲ್ಲಿ ಬರೆಸೋಕೆ ಏನು ಅಡ್ಡಿ?