850 ರೂಪಾಯಿ 8,501 ಆದದ್ದು ಹೇಗೆ?

ಹಾರ್ಡ್‌ವೇರ್ ಅಂಗಡಿಯ ಮಾಲೀಕರೊಬ್ಬರಿಗೆ ಅವರ ಲೆಕ್ಕ ಬರೆಯುವವರ ಪತ್ರ



ಬಿಲ್ಲುಗಳ ಫೋಟೋ ಓದಿ ಆ್ಯಪ್ ಕೊಟ್ಟ ಮೊತ್ತಕ್ಕಿಂತ ನಾನು ಪುಸ್ತಕಕ್ಕೆ ಏರಿಸಿದ್ದು 13,901 ರೂಪಾಯಿ ಕಡಿಮೆ ಇದೆ, ಯಾಕೆ ಎಂದು ಕೇಳಿದ್ದೀರಿ. ಆ ವ್ಯತ್ಯಾಸವಷ್ಟೂ ಎರಡೇ ಬಿಲ್ಲುಗಳದ್ದು.

ಮೊದಲನೆಯದು ಪೈಪಿನ ಬಿಲ್ಲು. ಸರಕಿನ ಬೆಲೆ 12,400. ಅದರ ಮೇಲೆ ಸಿಜಿಎಸ್‌ಟಿ ಶೇ 9, ಎಸ್‌ಜಿಎಸ್‌ಟಿ ಶೇ 9, ತಲಾ 1,116. ಒಟ್ಟು 14,632. ಆದರೆ ಹೋಲ್‌ಸೇಲಿನವರು ಅದರ ಕೆಳಗೆ ನಿಮ್ಮ ಹಳೇ ಬಾಕಿ 6,250 ಸೇರಿಸಿ, ದಪ್ಪ ಅಕ್ಷರದಲ್ಲಿ 20,882 ಎಂದು ಹಾಕಿದ್ದಾರೆ. ಆ್ಯಪ್ ಎತ್ತಿಕೊಂಡದ್ದು ಅದನ್ನೇ. ಅಂಕಿಯನ್ನು ಅದು ತಪ್ಪಾಗಿ ಓದಲಿಲ್ಲ, ಬೇರೆ ಸಾಲಿನದನ್ನು ತಂದಿತು. ಹಾಗಾಗಿ ಫೋಟೋ ಎಷ್ಟೇ ಸ್ಪಷ್ಟವಾಗಿದ್ದರೂ ಇದು ತಪ್ಪುತ್ತಿರಲಿಲ್ಲ. ಬೆಲೆಗೆ ತೆರಿಗೆ ಕೂಡಿಸಿ ನೋಡಿದಾಗ ಮೊತ್ತ ತಾಳೆಯಾಗಲಿಲ್ಲ, ಆಗ ಗೊತ್ತಾಯಿತು.

ಆ 6,250 ಹೋದ ತಿಂಗಳೇ ಖರೀದಿಯಲ್ಲಿ ಸೇರಿದೆ. ಮತ್ತೆ ಬರೆದಿದ್ದರೆ ಕೊಳ್ಳದ ಮಾಲು ಕೊಂಡಂತಾಗಿ, ಲಾಭ ಅಷ್ಟು ಕಡಿಮೆ ಕಾಣುತ್ತಿತ್ತು, ಅವರಿಗೆ ಕೊಡಬೇಕಾದ ಬಾಕಿಯೂ ಅಷ್ಟೇ ಹೆಚ್ಚುತ್ತಿತ್ತು. ಇನ್ನು 20,882ರೊಳಗೆ ಶೇ 18 ತೆರಿಗೆ ಇದೆಯೆಂದು ಹಿಂದಕ್ಕೆ ಲೆಕ್ಕ ಹಾಕಿದರೆ 3,185 ಬರುತ್ತದೆ. ನಿಮಗೆ ಸಿಗುವ ಇನ್‌ಪುಟ್ ಕ್ರೆಡಿಟ್ 2,232 ಮಾತ್ರ. ಮಾರಿದವರು ಸಲ್ಲಿಸಿದ ವಿವರ ಜಿಎಸ್‌ಟಿಆರ್-2ಬಿಯಲ್ಲಿ ಬರುತ್ತದೆ, ಅಲ್ಲಿರುವುದೂ 2,232. ಹೆಚ್ಚಿಗೆ ಪಡೆದಿದ್ದರೆ ಮುಂದೆ ಬಡ್ಡಿಯ ಮಾತು ಬರಬಹುದಿತ್ತು.

ಎರಡನೆಯದು ಸಾಮಾನು ಸಾಗಿಸಿದ ಟೆಂಪೋದವರ ಚೀಟಿ. ಅವರು ಕೈಯಲ್ಲಿ 850/- ಎಂದು ಬರೆದಿದ್ದಾರೆ. ಆ ಓರೆಗೆರೆ ನೆಟ್ಟಗೆ ನಿಂತಿದ್ದರಿಂದ ಆ್ಯಪ್‌ಗೆ ಅದು 1 ಎಂದು ಕಂಡಿತು, 850 ಹೋಗಿ 8,501 ಆಯಿತು. ಮೊತ್ತದ ಮುಂದೆ ಯಾರೂ ಏನೂ ಸೇರಿಸದಿರಲಿ ಎಂದು ಎಳೆಯುವ ಗೆರೆ ತಾನೇ ಒಂದು ಅಂಕಿಯನ್ನು ಸೇರಿಸಿತು! ಇಂಥ ಚೀಟಿಯಲ್ಲಿ ಇರುವುದು ಒಂದೇ ಅಂಕಿ. ಬೆಲೆ, ತೆರಿಗೆ ಬಿಡಿಸಿರುವುದಿಲ್ಲ, ಕೂಡಿ ನೋಡಲು ಏನೂ ಇಲ್ಲ. ಅದಕ್ಕೇ 1ರಲ್ಲಿ ಮುಗಿಯುವ ಕೈಬರಹದ ಚೀಟಿಗಳನ್ನೆಲ್ಲ ತೆಗೆದು ನಿಮ್ಮ ನಗದು ಪುಸ್ತಕದ ಪಕ್ಕ ಇಟ್ಟೆ. ಅಲ್ಲಿ ಆ ದಿನ ಟೆಂಪೋಗೆ ಹೋದದ್ದು 850.

ಪೇಂಟಿನ ಬಿಲ್ಲೊಂದನ್ನು ಇನ್ನೂ ಏರಿಸಿಲ್ಲ. ಥರ್ಮಲ್ ಕಾಗದ ಮಾಸಿ ಕೊನೆಯ ಸಾಲೇ ಕಾಣುತ್ತಿಲ್ಲ. ಆ್ಯಪ್ ಒಂದು ಮೊತ್ತ ಕೊಟ್ಟಿದೆ, ಆದರೆ ನನಗೆ ಕಾಣದ ಅಂಕಿಯನ್ನು ಹೇಗೆ ಬರೆಯಲಿ? ಅಂಗಡಿಯವರಿಂದ ನಕಲು ಬಿಲ್ಲು ತರಿಸಿ, ಹುಡುಗನ ಕೈಲಿ ಕಳಿಸಿಕೊಡಿ. 2ಬಿ 14ಕ್ಕೆ ಬರುತ್ತದೆ, ರಿಟರ್ನ್ ಹಾಕಲು 20 ಕಡೆಯ ದಿನ. ನಡುವೆ ಬಿಲ್ಲು ಕೈಸೇರಿದರೆ ಈ ತಿಂಗಳಲ್ಲೇ ಸೇರಿಸುತ್ತೇನೆ.

ಇಂತಿ,
ನಿಮ್ಮ ಲೆಕ್ಕ ಬರೆಯುವವ