ಒಂದೇ ಬಿಲ್ಲಿಗೆ ಎರಡು ಪಾವತಿ

ಪೀಣ್ಯದ ಒಂದು ಸಣ್ಣ ಕಾರ್ಖಾನೆ ಎಂದುಕೊಳ್ಳಿ. 18,000 ರೂಪಾಯಿ ಜಿಎಸ್‌ಟಿ ಸೇರಿ 1,18,000 ರೂಪಾಯಿಯ ಬಿಲ್ ಇಮೇಲ್‌ನಲ್ಲಿ ಬಂದಾಗ `INV-0457` ಎಂದೂ, ಸರಕಿನ ಜೊತೆ ಕಾಗದದಲ್ಲಿ ಬಂದಾಗ `INV/457` ಎಂದೂ ದಾಖಲಾಯಿತು. ಸಾಫ್ಟ್‌ವೇರ್ ಅವನ್ನು ಬೇರೆ ಬೇರೆ ಎಂದುಕೊಂಡಿತು. ಹಣ ಎರಡು ಸಲ ಹೋಯಿತು. ಇಂಥದ್ದನ್ನು ಹಿಡಿಯಲು ಬಿಲ್ ನಂಬರ್ ನೆಚ್ಚಿಕೊಳ್ಳದೆ ಪೂರೈಕೆದಾರರ ಜಿಎಸ್‌ಟಿ ಸಂಖ್ಯೆ, ದಿನಾಂಕ, ಮೊತ್ತ ಹೊಂದಿಸಿ ನೋಡಬೇಕು.

ಸರಿಪಡಿಸುವಾಗ ಎರಡನೆಯ ಖರೀದಿ ನಮೂದನ್ನಷ್ಟೇ ರದ್ದು ಮಾಡಬೇಕು. ಪಾವತಿ ನಮೂದನ್ನು ಮುಟ್ಟಲೇಬಾರದು, ಹಣ ಬ್ಯಾಂಕಿನಿಂದ ನಿಜವಾಗಿಯೂ ಹೋಗಿದೆಯಲ್ಲ! ಆಗ ಪೂರೈಕೆದಾರರ ಖಾತೆಯಲ್ಲಿ ಆ ಮೊತ್ತ ನಮಗೆ ಬರಬೇಕಾದ ಬಾಕಿಯಾಗಿ ಕಾಣುತ್ತದೆ. ಎರಡನೇ ಸಲ ಪಡೆದ ತೆರಿಗೆ ಕ್ರೆಡಿಟ್ ಇದ್ದರೆ ಅದನ್ನೂ ಹಿಂತಿರುಗಿಸಬೇಕು.

ಬಳಿಕ ಎರಡೂ ಪಾವತಿಗಳ ಯುಟಿಆರ್ ಸಂಖ್ಯೆ ಕಳಿಸಿ, ಅವರ ಲೆಡ್ಜರ್ ತರಿಸಿಕೊಳ್ಳಿ. ವ್ಯವಹಾರ ನಡೆಯುತ್ತಿದ್ದರೆ ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ನಿಂತಿದ್ದರೆ ಬ್ಯಾಂಕ್ ಖಾತೆಗೇ ವಾಪಸ್ ಕೇಳಿ.